ಮೌಸ್ ತಡವರಿಸುತ್ತಿದ್ದದ್ದು ಮೌಸ್‌ನ ದೋಷವಲ್ಲ: ಎಂಟು ತಿಂಗಳು ಹುಡುಕಿ ಕಂಡುಕೊಂಡದ್ದು

ವಿಡಿಯೊ ಫೈಲುಗಳನ್ನು ಹೊರಗಿನ ಎಸ್‌ಎಸ್‌ಡಿಗೆ ಕಾಪಿ ಹಾಕಿದ ತಕ್ಷಣ ನನ್ನ ವೈರ್‌ಲೆಸ್ ಮೌಸ್‌ನ ಬಾಣ ಅರ್ಧ ಸೆಕೆಂಡು ನಿಂತು, ಆಮೇಲೆ ಜಿಗಿದು ಇನ್ನೆಲ್ಲೋ ಹೋಗಿ ಕೂರುತ್ತಿತ್ತು. ಕಾಪಿ ಮುಗಿದರೆ ಮತ್ತೆ ಸರಿ. ಮೊದಲು ಕೇಳಿದವರೆಲ್ಲ "ಬ್ಯಾಟರಿ ಹಾಕಿ ನೋಡಿ" ಎಂದರು. ಹಾಕಿದೆ. "ಪ್ಯಾಡ್ ಬದಲಿಸಿ" ಎಂದರು. ಬದಲಿಸಿದೆ. "ಮೌಸೇ ಹಾಳಾಗಿದೆ" ಎಂದಾಗ ಹೊಸದು ತಂದೆ. ಅದೂ ಹಾಗೇ ಮಾಡಿದಾಗ ಅದರ ಮೂರು ಪಟ್ಟು ಬೆಲೆಯ ಗೇಮಿಂಗ್ ಮೌಸ್ ತಂದೆ, ಜೊತೆಗೆ ಅಡಾಪ್ಟರ್ ಇರುವ ಯುಎಸ್‌ಬಿ 3.0 ಹಬ್ಬೂ ಬಂತು. ಅಷ್ಟು ದುಡ್ಡಿಗೆ ಇನ್ನೊಂದು ಎಸ್‌ಎಸ್‌ಡಿ ಬರುತ್ತಿತ್ತು. ಹಬ್ ತಂದ ಮೇಲಂತೂ ಕಾಟ ಹೆಚ್ಚಾಯಿತು. ಡ್ರೈವ್ ಹಾಕಿದ ಹಬ್‌ನಲ್ಲೇ, ಅದರ ಪಕ್ಕದ ತೂತಿಗೆ ಮೌಸ್‌ನ ಡಾಂಗಲ್ ಚುಚ್ಚಿದ್ದೆ. ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ ಎಂದು ಆಗ ಗೊತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಒಂದು ಸಣ್ಣ ಪರೀಕ್ಷೆಯಿಂದ. ಚಿತ್ರ ಬಿಡಿಸುವ ಯಾವುದಾದರೂ ಪ್ರೋಗ್ರಾಂ ತೆರೆದು, ಗುಂಡಿ ಒತ್ತಿಹಿಡಿದು ಒಂದೇ ವೇಗದಲ್ಲಿ ವೃತ್ತಗಳನ್ನು ಸುತ್ತಿ. ರೇಡಿಯೊ ಕಡಿದುಹೋಗುತ್ತಿದ್ದರೆ ವೃತ್ತ ದುಂಡಗೆ ಬರುವುದಿಲ್ಲ, ಅಲ್ಲಲ್ಲಿ ನೆಟ್ಟಗಿನ ಗೆರೆಗಳಾಗಿ ಮೂಲೆ ಕಾಣಿಸುತ್ತದೆ. ಬಾಣ ನಿಂತಿದ್ದ ಜಾಗದಿಂದ ಜಿಗಿದ ಜಾಗಕ್ಕೆ ಪ್ರೋಗ್ರಾಂ ನೇರ ಗೆರೆ ಎಳೆದುಬಿಡುತ್ತದೆ, ಅಷ್ಟೆ. ಕೆಳಗಿನ ಸೆನ್ಸರ್ ಮೇಜಿನ ಮೇಲ್ಮೈಯನ್ನು ಸರಿಯಾಗಿ ಓದದಿದ್ದರೆ ಕಾಣುವುದೇ ಬೇರೆ: ಗೆರೆ ನಡುಗುತ್ತದೆ, ಅಡ್ಡಾದಿಡ್ಡಿ ಹೋಗುತ್ತದೆ, ಮತ್ತು ಅದು ಡ್ರೈವ್ ಕಾಪಿಗೆ ಕಾಯುವುದಿಲ್ಲ. ನನ್ನ ವೃತ್ತಗಳು ಕಾಪಿ ನಡೆಯುವಾಗ ಮಾತ್ರ ಏಳೆಂಟು ಮೂಲೆಯ ಆಕಾರವಾಗುತ್ತಿದ್ದವು.

"ಕಾಪಿ ಭಾರಕ್ಕೆ ಕಂಪ್ಯೂಟರೇ ನಿಲ್ಲುತ್ತಿದೆ" ಎಂದು ಒಬ್ಬ ಸಹೋದ್ಯೋಗಿ ಪಟ್ಟು ಹಿಡಿದ. ಹಳೆಯ ವೈರ್ ಮೌಸ್ ಹಾಕಿ, ಅದೇ ಕಾಪಿಯ ಜೊತೆ ವೃತ್ತ ಸುತ್ತಿದೆ. ದುಂಡಗೆ ಬಂತು. ಆಮೇಲೆ ಡ್ರೈವನ್ನು ಯುಎಸ್‌ಬಿ 2.0 ಪೋರ್ಟಿಗೆ ಹಾಕಿ ವೈರ್‌ಲೆಸ್ ಮೌಸ್ ಆಡಿಸಿದೆ. ಅದೂ ಸರಿ ಬಂತು. ಲಿನಕ್ಸ್‌ನಲ್ಲಿ ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ:

```
lsusb -t
```

ಡ್ರೈವ್ ಇರುವ ಸಾಲಿನ ಕೊನೆಯಲ್ಲಿ 3.0 ವೇಗದ `5000M` ಇದ್ದಾಗ ತಡವರಿಕೆ, 2.0 ವೇಗದ `480M` ಇದ್ದಾಗ ಇಲ್ಲ. ಸೆಕೆಂಡಿಗೆ ಮುನ್ನೂರು ಎಂಬಿಯಷ್ಟು ಬರುತ್ತಿದ್ದ ಕಾಪಿ ವೇಗ ನಲವತ್ತರ ಆಸುಪಾಸಿಗೆ ಇಳಿಯಿತು. ಆದ್ದರಿಂದ ಇದು ಪತ್ತೆ ಹಚ್ಚಲು ಸರಿ, ಬಾಳಲು ಆಗದ ಪರಿಹಾರ.

ಕಾರಣ ಹೀಗೆ. ಯುಎಸ್‌ಬಿ 3.0 ಲೈನ್ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡುತ್ತದೆ. ಆ ದತ್ತಾಂಶವನ್ನು ಕಲಕಿ ಕಳಿಸುವುದರಿಂದ ಅದರ ಗದ್ದಲ ಒಂದು ತರಂಗಾಂತರದಲ್ಲಿ ನಿಲ್ಲದೆ ಅಗಲವಾಗಿ ಹರಡುತ್ತದೆ, ಮೌಸ್ ಮಾತಾಡುವ 2.4 ಗಿಗಾಹರ್ಟ್ಸ್ ಪಟ್ಟಿಯೂ ಅದರೊಳಗೇ ಬರುತ್ತದೆ. ಇಂಟೆಲ್ 2012ರಲ್ಲೇ ಇದರ ಬಗ್ಗೆ ಒಂದು ವರದಿ ಹೊರತಂದಿತ್ತು. ಗದ್ದಲದ ಮಟ್ಟ 20 ಡೆಸಿಬಲ್‌ನಷ್ಟು ಏರಬಹುದು ಎಂದು ಅದರಲ್ಲಿ ಓದಿದ ನೆನಪು, ಅಂದರೆ ಶಕ್ತಿಯಲ್ಲಿ ನೂರು ಪಟ್ಟು. ಮೌಸ್ ಕಳಿಸುವುದು ಪಿಸುಮಾತು. ಕಿವಿಯ ಪಕ್ಕದಲ್ಲೇ ಡೋಲು ಬಡಿದಂತಾಗುತ್ತದೆ ಡಾಂಗಲ್‌ಗೆ. ಗದ್ದಲ ಅದೇ ಪಟ್ಟಿಯಲ್ಲಿ ಬರುವುದರಿಂದ ಡಾಂಗಲ್ ಅದನ್ನು ಸೋಸಿ ಬಿಡಲೂ ಆಗದು. ಹಾಗಾಗಿ ಗದ್ದಲದಿಂದ ಕಿವಿಯನ್ನು ದೂರ ಒಯ್ಯುವುದೇ ಸರಿಯಾದ ದಾರಿ.

ನಾನು ಮಾಡಿದ್ದು ಇಷ್ಟೇ: ಹಳೆ ಸಾಮಾನಿನ ಡಬ್ಬದಲ್ಲಿದ್ದ ಒಂದು ಮೀಟರಿನ ಯುಎಸ್‌ಬಿ 2.0 ಎಕ್ಸ್‌ಟೆನ್ಶನ್ ಕೇಬಲ್ ಹಾಕಿ, ಡಾಂಗಲನ್ನು ಹಬ್‌ನಿಂದ ತೆಗೆದು, ಕಂಪ್ಯೂಟರ್ ಪೆಟ್ಟಿಗೆಯ ಹಿಂಬದಿಯಿಂದ ಮೇಜಿನ ಮೇಲೆ, ಮೌಸ್‌ನಿಂದ ಒಂದು ಗೇಣು ದೂರಕ್ಕೆ ತಂದೆ. ಅದೇ ಸಹೋದ್ಯೋಗಿ "ಕೇಬಲ್ ಹಾಕಿದರೆ ವೈರ್‌ಲೆಸ್ ತಗೊಂಡಿದ್ದು ಯಾಕೆ, ಕೇಬಲ್ ಉದ್ದವಾದಷ್ಟೂ ಸಿಗ್ನಲ್ ಸೋರುತ್ತೆ" ಎಂದ. ಸೋರುವುದಿಲ್ಲ. ರೇಡಿಯೊ ಡಾಂಗಲ್‌ನಲ್ಲೇ ಮುಗಿಯುತ್ತದೆ, ಕೇಬಲ್‌ನಲ್ಲಿ ಹೋಗುವುದು ಮಾಮೂಲಿ ಯುಎಸ್‌ಬಿ ಸಂಕೇತ. ಡಾಂಗಲ್ 3.0 ತಂತಿಗಳನ್ನು ಮುಟ್ಟುವುದೇ ಇಲ್ಲ, ಆದ್ದರಿಂದ 3.0 ಎಕ್ಸ್‌ಟೆನ್ಶನ್‌ಗೆ ಹೆಚ್ಚು ದುಡ್ಡು ಕೊಡಬೇಡಿ. ಕಾಪಿ ಹಾಕಿ ಇಪ್ಪತ್ತು ವೃತ್ತ ಸುತ್ತಿದೆ, ಒಂದರಲ್ಲೂ ಮೂಲೆ ಇಲ್ಲ. ಎಂಟು ತಿಂಗಳ ತಲೆನೋವು ಒಂದು ಮೀಟರ್ ತಂತಿಯಲ್ಲಿ ಹೋಯಿತು. ಎರಡು ಮೌಸ್ ಕೊಂಡಾದ ಮೇಲೆ ಕಾಸು ಖರ್ಚಿಲ್ಲದೆ ಇದನ್ನು ಸರಿಮಾಡಿದ್ದು ನನಗೆ ಹೆಮ್ಮೆಯೇ.

ನಡುವೆ ಕೆಲವು ಅಡ್ಡ ಪ್ರಯೋಗಗಳೂ ಆದವು. ಡಾಂಗಲ್‌ಗೇ ಅಲ್ಯೂಮಿನಿಯಂ ಹಾಳೆ ಸುತ್ತಿದೆ: ಮೌಸ್ ಪೂರ್ತಿ ಸತ್ತುಹೋಯಿತು, ಆಂಟೆನಾನೇ ಮುಚ್ಚಿದ್ದೆ. ಹಾಳೆಯನ್ನು ಡ್ರೈವ್‌ನ ಕೇಬಲ್‌ಗೆ ಸುತ್ತಿದಾಗ ಸ್ವಲ್ಪ ಕಡಿಮೆಯಾಯಿತು, ಸುಮಾರು ಅರ್ಧ ಎನ್ನಬಹುದು. ಆಮೇಲೆ ಆ ಅಗ್ಗದ ಕೇಬಲ್ ತೆಗೆದು ಡ್ರೈವ್ ಜೊತೆಗೇ ಬಂದಿದ್ದ ದಪ್ಪನೆಯ ಕೇಬಲ್ ಹಾಕಿದೆ, ಹಾಳೆಗಿಂತ ಅದೇ ಹೆಚ್ಚು ಕೆಲಸ ಮಾಡಿತು. ಪ್ಲಗ್ ಹತ್ತಿರ ಕವಚ ಸರಿಯಿಲ್ಲದ ಕೇಬಲ್‌ಗಳೇ ಹೆಚ್ಚು ಸೋರುತ್ತವೆ ಎಂಬುದು ನನ್ನ ಲೆಕ್ಕ. ಹೆಡ್‌ಸೆಟ್‌ನ 2.4 ಡಾಂಗಲ್ಲೂ ಮೌಸ್ ಡಾಂಗಲ್‌ಗೆ ಅಂಟಿಕೊಂಡೇ ಇತ್ತು. ಎರಡನ್ನೂ ಮೂವತ್ತು ಸೆಂಟಿಮೀಟರಿನಷ್ಟು ಬೇರೆ ಇಟ್ಟ ಮೇಲೆ, ಆಗಾಗ ಕಾಣುತ್ತಿದ್ದ ಇನ್ನೊಂದು ಸಣ್ಣ ತಡವರಿಕೆಯೂ ಹೋಯಿತು.

ವೈಫೈ ಬಗ್ಗೆ ಒಂದು ಮಾತು. ರೂಟರ್ 2.4 ಪಟ್ಟಿಯಲ್ಲಿ 40 ಮೆಗಾಹರ್ಟ್ಸ್ ಅಗಲಕ್ಕೆ ಹರಡಿಕೊಂಡಿತ್ತು. ಅದನ್ನು 20ಕ್ಕೆ ಇಳಿಸಿ ಕಂಪ್ಯೂಟರನ್ನು 5 ಗಿಗಾಹರ್ಟ್ಸ್‌ಗೆ ಒಯ್ದೆ. ದೊಡ್ಡ ಡೌನ್‌ಲೋಡ್ ನಡೆಯುವಾಗ ಬರುತ್ತಿದ್ದ ತಡವರಿಕೆ ತಗ್ಗಿತು. ಡ್ರೈವ್‌ನ ಕಾಟಕ್ಕೆ ಇದರಿಂದ ಏನೂ ಆಗಲಿಲ್ಲ, ಎರಡೂ ಬೇರೆ ರೋಗ. ಡೌನ್‌ಲೋಡ್ ನಿಲ್ಲಿಸಿದಾಗ ಮೌಸ್ ಸರಿಯಾದರೆ ವೈಫೈ, ಡ್ರೈವ್ ತೆಗೆದಾಗ ಸರಿಯಾದರೆ ಪೋರ್ಟ್.

ಬ್ಲೂಟೂತ್ ಮೌಸ್ ಇರುವವರಿಗೆ ಈ ಕೇಬಲ್ ಉಪಾಯ ನಡೆಯದು. ಆಂಟೆನಾ ಲ್ಯಾಪ್‌ಟಾಪ್ ಒಳಗೇ ಇರುತ್ತದೆ. ಆಗ ಕಿವಿಯ ಬದಲು ಡೋಲನ್ನೇ ಸರಿಸಬೇಕು: ಡ್ರೈವನ್ನು ಇನ್ನೊಂದು ಬದಿಯ ಪೋರ್ಟಿಗೆ ಹಾಕಿ, ಕೇಬಲನ್ನು ಲ್ಯಾಪ್‌ಟಾಪ್‌ನ ಅಂಚಿಗೆ ತಾಗದಂತೆ ದೂರಕ್ಕೆ ಎಳೆದಿಡಿ. ನಂಬದ ಆ ಸಹೋದ್ಯೋಗಿಯ ಲ್ಯಾಪ್‌ಟಾಪ್‌ನಲ್ಲೂ ಹಾಗೇ ಮಾಡಿಸಿದೆ. ಅವನು ಮಾತಾಡದೆ ಎರಡು ಸಲ ವೃತ್ತ ಸುತ್ತಿ ನೋಡಿದ, ಮೂರನೆಯ ಸಲ ಡ್ರೈವನ್ನು ಹಳೆ ಜಾಗಕ್ಕೆ ಹಾಕಿ ಸುತ್ತಿದ. ಮೂಲೆಗಳು ವಾಪಸ್ ಬಂದವು. ಡ್ರೈವನ್ನು ತೆಗೆದು ತಾನೇ ಆಚೆ ಬದಿಗೆ ಹಾಕಿಕೊಂಡ.