ಅಳತೆಗೆ ಹೊಲಿದುಕೊಡುವ ಬ್ಲೌಸ್: ಆರ್ಡರ್ ಹಿಡಿಯುವ ಮುನ್ನ ಏನನ್ನು ಬರೆದಿಡಬೇಕು?

ಮನೆಯಲ್ಲಿ ಹೊಲಿದು ಆನ್‌ಲೈನ್‌ನಲ್ಲಿ ಬ್ಲೌಸ್ ಮಾರುವವರ ವಿವರಗಳನ್ನು ನೋಡಿ. ಬಟ್ಟೆಯ ಬಣ್ಣ, ಕತ್ತಿನ ವಿನ್ಯಾಸ, ತೋಳಿನ ಉದ್ದ, ಎಲ್ಲವೂ ಇರುತ್ತವೆ. ‘ಸೈಜ್ 36’ ಎಂದರೆ ಯಾವುದರ 36 ಎಂಬುದೊಂದು ಇರುವುದಿಲ್ಲ. ಮೈಯ ಸುತ್ತಳತೆಯೋ, ಹೊಲಿದು ಮುಗಿದ ಬ್ಲೌಸಿನ ಸುತ್ತಳತೆಯೋ? ಇವೆರಡರ ನಡುವೆ ಒಂದೂವರೆಯಿಂದ ಎರಡು ಇಂಚು ಅಂತರವಿರುತ್ತದೆ. ಮೈ 36 ಇರುವವರಿಗೆ 36ಕ್ಕೇ ಹೊಲಿದರೆ ಹುಕ್ಕುಗಳ ನಡುವೆ ಬಟ್ಟೆ ಬಾಯಿ ಬಿಡುತ್ತದೆ. ಹಳೆಯ ಬ್ಲೌಸನ್ನು ಅಳೆದು 36 ಎಂದು ಕಳಿಸಿದವರಿಗೆ ನೀವು ಇನ್ನೆರಡು ಇಂಚು ಸೇರಿಸಿದರೆ ಕಂಕುಳಲ್ಲಿ ನೆರಿಗೆ ಬೀಳುತ್ತದೆ. ಎರಡೂ ಕಡೆಯವರು ತಮ್ಮದೇ ಸರಿ ಎನ್ನುತ್ತಾರೆ. ವಿವರದಲ್ಲಿ ಬರೆಯದೇ ಇದ್ದುದರಿಂದ ಇಬ್ಬರೂ ಹೇಳುವುದು ಸರಿಯೇ.

ಆದ್ದರಿಂದ ಅಳತೆಯ ಭಾಗದ ಮೊದಲ ಸಾಲು ಹೀಗಿರಲಿ: ‘ದಯವಿಟ್ಟು ಮೈಯ ಅಳತೆಯನ್ನೇ ಕೊಡಿ. ಸಡಿಲವನ್ನು ನಾವು ಸೇರಿಸಿಕೊಳ್ಳುತ್ತೇವೆ. ಎದೆಯ ಸುತ್ತಳತೆಗೆ ಎರಡು ಇಂಚು ಸೇರಿಸಿ ಹೊಲಿಯುತ್ತೇವೆ.’ ಬಿಗಿಯಾಗಿ ಹೊಲಿಯುವುದು ನಿಮ್ಮ ಕೈಗುಣವಾದರೆ ಒಂದೂವರೆ ಎಂದು ಬರೆಯಿರಿ. ಸಂಖ್ಯೆ ಯಾವುದೇ ಇರಲಿ, ಅದು ಗ್ರಾಹಕರ ಕಣ್ಣಿಗೆ ಬೀಳಬೇಕು.

ಅಳತೆ ತೆಗೆಯುವ ಬಗೆ

ಬ್ಲೌಸಿನ ಒಳಗೆ ಯಾವ ಒಳಉಡುಪು ಹಾಕುತ್ತಾರೋ ಅದನ್ನೇ ಧರಿಸಿ ಅಳೆಯಬೇಕು ಎಂದು ಮೊದಲೇ ಹೇಳಿ. ದಪ್ಪ ಕುರ್ತಾದ ಮೇಲೆ ಟೇಪು ಸುತ್ತಿದರೆ ಸಂಖ್ಯೆ ಅಲ್ಲೇ ಕೆಡುತ್ತದೆ. ಎದೆಯ ಅತಿ ತುಂಬಿದ ಭಾಗದ ಮೇಲೆ ಟೇಪು ಹಾಯಬೇಕು. ಬೆನ್ನ ಹಿಂದೆ ಅದು ಕೆಳಕ್ಕೆ ಜಾರದೆ ನೆಲಕ್ಕೆ ಸಮನಾಗಿ ಇರಬೇಕು. ಒಬ್ಬರೇ ಅಳೆದುಕೊಂಡರೆ ಇದು ತಪ್ಪುವ ಸಾಧ್ಯತೆ ಹೆಚ್ಚು, ಹಾಗಾಗಿ ಮತ್ತೊಬ್ಬರ ಸಹಾಯ ಪಡೆಯಲು ಹೇಳಿ. ಎದೆಯ ಕೆಳಗೆ ಬ್ಲೌಸಿನ ಪಟ್ಟಿ ಕೂರುವ ಜಾಗದ ಸುತ್ತಳತೆ, ಭುಜದ ಅಗಲ, ತೋಳಿನ ಉದ್ದ ಮತ್ತು ತೋಳಿನ ತುದಿಯ ಸುತ್ತಳತೆ, ಹಿಂದೆ ಮುಂದೆ ಕತ್ತಿನ ಆಳ, ಇವುಗಳಿಗೆ ಒಂದೊಂದು ಸಾಲಿನ ವಿವರಣೆ ಸಾಕು.

ಎರಡು ಅಳತೆಗಳಿಗೆ ಮಾತ್ರ ಹೆಚ್ಚು ಜಾಗ ಕೊಡಿ. ಒಂದು ಕಂಕುಳ ಸುತ್ತು. ಭುಜದ ಮೂಳೆಯ ತುದಿಯಿಂದ ಟೇಪನ್ನು ಕಂಕುಳ ಕೆಳಗಿನಿಂದ ತಂದು ಮತ್ತೆ ಅದೇ ಮೂಳೆಗೆ ಸೇರಿಸಬೇಕು. ಒಳಗೆ ಒಂದು ಬೆರಳು ಆಡುವಷ್ಟು ಜಾಗವಿರಬೇಕು, ಅಳೆಯುವಾಗ ಕೈ ಕೆಳಗಿರಬೇಕು. ಕೈ ಎತ್ತಿಕೊಂಡು ಅಳೆದರೆ ಸಂಖ್ಯೆ ಬದಲಾಗಿಬಿಡುತ್ತದೆ. ಇನ್ನೊಂದು ಟಕ್ಸ್ ಪಾಯಿಂಟ್, ಅಂದರೆ ಕತ್ತಿನ ಪಕ್ಕದ ಭುಜದಿಂದ ಎದೆಯ ತುದಿಯವರೆಗಿನ ಉದ್ದ. ಇದನ್ನು ಕೇಳುವವರೇ ಕಡಿಮೆ. ಆದರೆ ‘ಏನೋ ಸರಿಯಾಗಿ ಕೂತಿಲ್ಲ’ ಎಂದು ಗ್ರಾಹಕರು ಹೇಳಿ, ಏನೆಂದು ವಿವರಿಸಲಾಗದೆ ನಿಲ್ಲುವುದು ಹೆಚ್ಚಾಗಿ ಇಲ್ಲೇ. ಟಕ್ಸ್ ತುದಿ ಮೇಲಾದರೆ ಬಟ್ಟೆ ಮೇಲೆ ಖಾಲಿಯಾಗಿ ಮೊನೆಯಂತೆ ನಿಲ್ಲುತ್ತದೆ, ಕೆಳಗೆ ಬಿಗಿಯುತ್ತದೆ. ಸುತ್ತಳತೆ ಎಷ್ಟೇ ಸರಿ ಇದ್ದರೂ ಅದು ಹೋಗುವುದಿಲ್ಲ.

ಜೊತೆಗೆ, ಚೆನ್ನಾಗಿ ಕೂರುವ ಒಂದು ಅಳತೆ ಬ್ಲೌಸಿನ ಫೋಟೊ ಕೇಳಿ. ಹುಕ್ಕುಗಳನ್ನೆಲ್ಲ ಹಾಕಿ, ಮಂಚದ ಮೇಲೆ ಸಪಾಟಾಗಿ ಹರಡಿ, ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿನವರೆಗೆ ಟೇಪಿಟ್ಟು ತೆಗೆದ ಫೋಟೊ. ಹುಕ್ಕು ಬಿಚ್ಚಿ ಅಳೆದರೆ, ಒಂದರ ಮೇಲೊಂದು ಕೂರುವ ಪಟ್ಟಿಯೂ ಲೆಕ್ಕಕ್ಕೆ ಸೇರಿ ಸುಮಾರು ಒಂದು ಇಂಚು ಸುಳ್ಳೇ ಹೆಚ್ಚಾಗುತ್ತದೆ. ಮೈಮೇಲೆ ಟೇಪು ಹಿಡಿದ ಫೋಟೊ ಮಾತ್ರ ಕೇಳಬೇಡಿ. ಕಳಿಸುವವರಿಗೆ ಮುಜುಗರ. ನಿಮಗೂ ಬೆನ್ನ ಹಿಂದೆ ಟೇಪು ಎಲ್ಲಿದೆ ಎಂದು ಅದರಿಂದ ತಿಳಿಯುವುದಿಲ್ಲ.

ಫೋಟೊದಲ್ಲಿ 19 ಇಂಚು ಕಂಡರೆ ಬ್ಲೌಸಿನ ಸುತ್ತಳತೆ 38. ಗ್ರಾಹಕರು ಕೊಟ್ಟ ಮೈ ಅಳತೆ 36 ಆಗಿದ್ದರೆ ಲೆಕ್ಕ ಕೂಡಿತು. ಮೈ ಅಳತೆಯೂ 38 ಎಂದು ಬಂದಿದ್ದರೆ ಅವರು ಬಹುಶಃ ಬ್ಲೌಸನ್ನೇ ಅಳೆದು ಅದೇ ಸಂಖ್ಯೆಯನ್ನು ಎರಡು ಕಡೆ ಬರೆದಿದ್ದಾರೆ, ಇಲ್ಲವೇ ಅಳತೆ ಬ್ಲೌಸ್ ಹಿಗ್ಗುವ ಬಟ್ಟೆಯದು. ಕೇಳಿ ತಿಳಿದುಕೊಳ್ಳುವವರೆಗೆ ಕತ್ತರಿ ಎತ್ತಬೇಡಿ.

ಒಳಗೆ ಬಿಡುವ ಬಟ್ಟೆ

ಅದೇ 36ರ ಗ್ರಾಹಕರನ್ನು ಇಟ್ಟುಕೊಂಡೇ ಮುಂದುವರಿಯೋಣ. ಹೊಲಿದ ಬ್ಲೌಸ್ 38 ಆಗಬೇಕು. ಅದರ ನಾಲ್ಕನೇ ಒಂದು ಪಾಲು ಒಂಬತ್ತೂವರೆ. ಪಕ್ಕದ ಹೊಲಿಗೆಯ ಆಚೆ ಒಂದೂವರೆ ಇಂಚು ಮಾರ್ಜಿನ್ ಬಿಟ್ಟರೆ ಪ್ರತಿ ಭಾಗವನ್ನೂ 11 ಇಂಚಿಗೆ ಕತ್ತರಿಸುತ್ತೀರಿ. ಹುಕ್ಕಿನ ಪಟ್ಟಿಯ ಲೆಕ್ಕ ಬೇರೆ. ಮುಂದೆ ಬ್ಲೌಸ್ ಬಿಗಿಯಾದರೆ ಹೊಲಿಗೆ ಹಿಡಿದು ನಿಲ್ಲಲು ಅಂಚಿನಲ್ಲಿ ಅರ್ಧ ಇಂಚಾದರೂ ಉಳಿಯಬೇಕು. ಉಳಿದ ಒಂದು ಇಂಚನ್ನು ಬಿಡಿಸಬಹುದು. ಎರಡು ಪಕ್ಕ, ಪ್ರತಿ ಪಕ್ಕದಲ್ಲೂ ಹಿಂದೊಂದು ಮುಂದೊಂದು ಅಂಚು. ಒಟ್ಟು ನಾಲ್ಕು ಇಂಚು ಹಿಗ್ಗಿಸಬಹುದು ಎಂದು ಕಾಗದದ ಲೆಕ್ಕ ಹೇಳುತ್ತದೆ.

ವಿವರದಲ್ಲಿ ನಾಲ್ಕು ಇಂಚು ಎಂದು ಬರೆದರೆ ಕೆಟ್ಟಿರಿ.

ಪಕ್ಕದ ಹೊಲಿಗೆ ಕಂಕುಳಲ್ಲಿ ಹೋಗಿ ಸೇರುವುದು ತೋಳಿಗೆ. ಮೈಭಾಗದಲ್ಲಿ ಪ್ರತಿ ಅಂಚಿಗೆ ಒಂದು ಇಂಚು ಬಿಡಿಸಿದರೆ ಕಂಕುಳ ಸುತ್ತು ಎರಡು ಇಂಚು ಹಿಗ್ಗುತ್ತದೆ. ತೋಳಿನ ಹೊಲಿಗೆಯಲ್ಲೂ ಅಷ್ಟೇ ಬಿಡಿಸಲು ಬಟ್ಟೆ ಇರಬೇಕು. ಹೆಚ್ಚಿನ ದರ್ಜಿಗಳು ಮೈಗೆ ಧಾರಾಳವಾಗಿ ಬಿಟ್ಟು, ತೋಳಿಗೆ ಅರ್ಧ ಇಂಚಿನಲ್ಲೇ ಮುಗಿಸುತ್ತಾರೆ. 80 ಸೆಂಟಿಮೀಟರಿನ ಬ್ಲೌಸ್ ಪೀಸಿನಲ್ಲಿ ಉದ್ದ ತೋಳು ಬೇಕೆಂದಾಗ ಬೇರೆ ದಾರಿಯೂ ಇರುವುದಿಲ್ಲ. ಆಗ ಸೊಂಟದ ಬಳಿ ಎಷ್ಟು ಬಟ್ಟೆ ಇದ್ದರೇನು, ಕಂಕುಳಲ್ಲಿ ಒಂದು ದಾರವೂ ಸಡಿಲವಾಗದು. ಎಲ್ಲಿ ಕಡಿಮೆ ಬಿಟ್ಟಿದ್ದೀರೋ ಅದೇ ನಿಮ್ಮ ಬ್ಲೌಸಿನ ನಿಜವಾದ ಮಾರ್ಜಿನ್.

ಇನ್ನೊಂದು ಮಿತಿ ಟಕ್ಸ್‌ಗಳದು. ಪಕ್ಕಕ್ಕೆ ಮಾತ್ರ ಬಟ್ಟೆ ಸೇರುತ್ತಾ ಹೋದರೆ ಟಕ್ಸ್‌ಗಳು ಇದ್ದ ಜಾಗದಲ್ಲೇ ಇರುತ್ತವೆ. ಒಂದು ಹಂತದ ಮೇಲೆ ಬ್ಲೌಸ್ ಅಗಲವಾಗುತ್ತದೆಯೇ ಹೊರತು ಮೈಗೆ ಒಪ್ಪುವುದಿಲ್ಲ. ಹಾಗಾಗಿ ಭರವಸೆ ಕೊಡುವುದು ಒಟ್ಟು ಎರಡು ಇಂಚಿಗೆ ನಿಲ್ಲಲಿ. ತೋಳಿನ ಎರಡೂ ಅಂಚುಗಳಲ್ಲಿ ಕನಿಷ್ಠ ಒಂದೊಂದು ಇಂಚು ಬಿಟ್ಟೇ ಆ ಭರವಸೆ ಕೊಡಿ. ಬಟ್ಟೆ ಸಾಲದೆ ಮಾರ್ಜಿನ್ ಕಡಿಮೆ ಮಾಡಬೇಕಾಗಿ ಬಂದರೆ ಕತ್ತರಿಸುವ ಮೊದಲೇ ಗ್ರಾಹಕರಿಗೆ ತಿಳಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ವಿವರದಲ್ಲಿ ಬರೆಯುವ ಸಾಲು: ‘ಮೈಭಾಗದ ಪ್ರತಿ ಅಂಚಿನಲ್ಲಿ ಒಂದೂವರೆ ಇಂಚು, ತೋಳಿನ ಪ್ರತಿ ಅಂಚಿನಲ್ಲಿ ಒಂದು ಇಂಚು ಬಟ್ಟೆ ಒಳಗೆ ಬಿಡುತ್ತೇವೆ. ಒಟ್ಟು ಎರಡು ಇಂಚಿನವರೆಗೆ ಸಡಿಲ ಮಾಡಬಹುದು. ರೇಷ್ಮೆ, ಟಿಶ್ಯೂ ಬಟ್ಟೆಗಳಲ್ಲಿ ಬಿಡಿಸಿದ ಜಾಗದಲ್ಲಿ ಹಳೆಯ ಸೂಜಿಯ ತೂತುಗಳು ಕಾಣಿಸಬಹುದು.’ ಕೊನೆಯ ವಾಕ್ಯವನ್ನು ಬಿಡಬೇಡಿ. ನೂಲು ಬಟ್ಟೆಯಲ್ಲಿ ಒಗೆತಕ್ಕೆ ಮಾಯವಾಗುವ ತೂತು ರೇಷ್ಮೆಯಲ್ಲಿ ಗೆರೆಯಾಗಿ ಉಳಿಯುತ್ತದೆ.

ಎಷ್ಟು ದಿನ?

‘10 ದಿನ’ ಎಂದಷ್ಟೇ ಬರೆದರೆ ಹಣ ಕಟ್ಟಿದ ದಿನದಿಂದಲೇ ಗ್ರಾಹಕರು ಎಣಿಸುತ್ತಾರೆ. ನೀವು ಎಣಿಸುವುದು ಬಟ್ಟೆ ಕೈಗೆ ಬಂದು ಅಳತೆ ಖಚಿತವಾದ ದಿನದಿಂದ. ಅದನ್ನೇ ಬರೆಯಿರಿ: ‘ಬಟ್ಟೆ ಮತ್ತು ಖಚಿತಪಡಿಸಿದ ಅಳತೆ, ಎರಡರಲ್ಲಿ ಯಾವುದು ಕೊನೆಗೆ ತಲುಪುತ್ತದೋ ಅದರ ಮರುದಿನದಿಂದ 10 ಕೆಲಸದ ದಿನ.’

ಸಂಖ್ಯೆಯನ್ನು ಅಂದಾಜಿನಲ್ಲಿ ಹೇಳುವ ಬದಲು ಕೈಯಲ್ಲಿರುವ ಕೆಲಸದಿಂದ ತೆಗೆಯಿರಿ. 18 ಬ್ಲೌಸುಗಳು ಸಾಲಿನಲ್ಲಿದ್ದು ದಿನಕ್ಕೆ ಮೂರು ಮುಗಿಯುತ್ತವೆ ಎಂದರೆ ಹೊಸ ಆರ್ಡರಿನ ಸರದಿ ಬರುವುದೇ ಆರು ದಿನದ ನಂತರ. ನೂಲಿನ ಲೈನಿಂಗ್ ಬಟ್ಟೆಯನ್ನು ನೆನೆಸಿ ಒಣಗಿಸುವ ಕೆಲಸ ಆ ಅವಧಿಯಲ್ಲೇ ಆಗಿಹೋಗುತ್ತದೆ. ಅದನ್ನು ಬಿಟ್ಟರೆ ಮೊದಲ ಒಗೆತದಲ್ಲಿ ಲೈನಿಂಗ್ ಕುಗ್ಗಿ, ಮೇಲಿನ ಬಟ್ಟೆ ಮುದುಡಿ ನಿಲ್ಲುತ್ತದೆ. ಹೊಲಿಗೆಗೆ ಒಂದು ದಿನ, ಹೆಮ್ಮಿಂಗ್, ಹುಕ್ಕು ಮತ್ತು ಇಸ್ತ್ರಿಗೆ ಇನ್ನೊಂದು. ಎರಡು ದಿನ ಆಪತ್ತಿಗೆಂದು ಇರಲಿ. ಒಟ್ಟು 10. ಆರಿ ಕೆಲಸ ಇದ್ದರೆ ಈ ಲೆಕ್ಕ ನಡೆಯುವುದಿಲ್ಲ. ಕತ್ತು, ತೋಳುಗಳನ್ನು ಬಟ್ಟೆಯ ಮೇಲೆ ಗುರುತು ಮಾಡಿ, ಚೌಕಟ್ಟಿಗೆ ಬಿಗಿದು, ಕಸೂತಿ ಮುಗಿಸಿದ ಮೇಲಷ್ಟೇ ಕತ್ತರಿಸುವುದು. ಅದಕ್ಕೆ ಪ್ರತ್ಯೇಕ ಅವಧಿ ಬರೆಯಿರಿ. ಗುರುತು ಹಾಕಿದ ನಂತರ ಅಳತೆ ಬದಲಿಸಲಾಗದು ಎಂಬುದನ್ನೂ ಅಲ್ಲೇ ಸೇರಿಸಿ.

ಉಡುವ ದಿನ ಯಾವುದು ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ. ಬ್ಲೌಸ್ ತಲುಪುವ ದಿನಕ್ಕೂ ಮದುವೆಯ ದಿನಕ್ಕೂ ನಡುವೆ ಹೋಗಿಬರುವ ಪಾರ್ಸೆಲ್ಲಿನಷ್ಟು ಅಂತರವಿಲ್ಲದಿದ್ದರೆ ನಿಮ್ಮ ಆಲ್ಟರೇಷನ್ ಭರವಸೆ ಬರೀ ಅಕ್ಷರ. ಅಂಥ ಆರ್ಡರನ್ನು ಒಪ್ಪಿಕೊಳ್ಳುವುದಾದರೆ, ಊರಿನ ದರ್ಜಿಯಿಂದಲೇ ಸರಿಮಾಡಿಸಿಕೊಳ್ಳಬೇಕಾದೀತು ಎಂದು ಮೊದಲೇ ಹೇಳಿಬಿಡಿ.

ಆಲ್ಟರೇಷನ್: ಯಾರ ಖರ್ಚು?

ಜಗಳ ಹುಟ್ಟುವುದು ಇಲ್ಲಿಯೇ, ಆದ್ದರಿಂದ ತೀರ್ಮಾನವನ್ನು ಟೇಪಿಗೆ ಬಿಡಿ. ಕತ್ತರಿಸುವ ಮುನ್ನ ಎಲ್ಲ ಅಳತೆಗಳನ್ನೂ, ಹೊಲಿದ ಮೇಲೆ ಬ್ಲೌಸ್ ಎಷ್ಟಿರುತ್ತದೆ ಎಂಬುದನ್ನೂ ಬರೆದ ಚೀಟಿಯನ್ನು ಗ್ರಾಹಕರಿಗೆ ಕಳಿಸಿ ಒಪ್ಪಿಗೆ ಪಡೆಯಿರಿ. ದೂರು ಬಂದಾಗ ಬ್ಲೌಸನ್ನು ಸಪಾಟಾಗಿ ಹರಡಿ ಅಳೆದ ಫೋಟೊ ತರಿಸಿ ಚೀಟಿಯೊಂದಿಗೆ ಹೋಲಿಸಿ. ಸುತ್ತಳತೆಯಲ್ಲಿ ಅರ್ಧ ಇಂಚು, ಭುಜ ಮತ್ತು ಕತ್ತಿನಲ್ಲಿ ಕಾಲು ಇಂಚಿನ ವ್ಯತ್ಯಾಸ ಹೊಲಿಗೆಯಲ್ಲಿ ಸಹಜ. ಅದಕ್ಕಿಂತ ಹೆಚ್ಚಾದರೆ ತಪ್ಪು ನಿಮ್ಮದು. ಸರಿಮಾಡುವುದೂ ಎರಡೂ ಕಡೆಯ ಪಾರ್ಸೆಲ್ ಖರ್ಚೂ ನಿಮ್ಮ ಪಾಲು. ಚೀಟಿಯಂತೆಯೇ ಇದ್ದು ಮೈಗೆ ಬಿಗಿಯಾದರೆ ಪಾರ್ಸೆಲ್ ಖರ್ಚು ಗ್ರಾಹಕರದು. ಆದರೂ ಮೊದಲ ಬಾರಿ ಪಕ್ಕದ ಹೊಲಿಗೆ ಬಿಡಿಸಿಕೊಡಲು ಕೂಲಿ ಕೇಳದಿರುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅದು ಅರ್ಧ ಗಂಟೆಯ ಕೆಲಸ.

ಏನನ್ನು ಮಾಡಲಾಗುತ್ತದೆ, ಏನನ್ನು ಆಗುವುದಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯಿರಿ. ಪಕ್ಕ ಬಿಗಿ ಮಾಡುವುದು, ಹೇಳಿದ ಮಿತಿಯಲ್ಲಿ ಸಡಿಲಿಸುವುದು, ತೋಳು ಗಿಡ್ಡ ಮಾಡುವುದು, ಕತ್ತನ್ನು ಇನ್ನಷ್ಟು ಆಳಗೊಳಿಸುವುದು ಸಾಧ್ಯ. ಆಳವಾದ ಕತ್ತನ್ನು ಮೇಲೆ ತರುವುದಾಗಲೀ ಭುಜವನ್ನು ಅಗಲ ಮಾಡುವುದಾಗಲೀ ಸಾಧ್ಯವಿಲ್ಲ, ಅಲ್ಲಿಯ ಬಟ್ಟೆ ಕತ್ತರಿಯಲ್ಲೇ ಹೋಗಿರುತ್ತದೆ. ಉದ್ದ ಹೆಚ್ಚಿಸುವುದು ಕೆಳಗೆ ಮಡಚಿದ ಬಟ್ಟೆ ಇರುವಷ್ಟಕ್ಕೆ ಮಾತ್ರ. ಟಕ್ಸ್ ತುದಿಯನ್ನು ಅರ್ಧ ಇಂಚು ಸರಿಸಬಹುದು, ಅದೂ ಬಟ್ಟೆ ಗುರುತು ಉಳಿಸಿಕೊಳ್ಳದಿದ್ದರೆ.

ದೂರು ತಿಳಿಸಲು ಬ್ಲೌಸ್ ತಲುಪಿದ ಮೇಲೆ ಏಳು ದಿನ ಕೊಡಿ. ಒಗೆಯುವ ಮುನ್ನ ಒಮ್ಮೆ ತೊಟ್ಟು, ಕೈ ಮೇಲೆತ್ತಿ, ಕುಳಿತು ನೋಡಬೇಕು ಎಂದು ತಿಳಿಸಿ. ನಿಂತಾಗ ಚೆನ್ನಾಗಿ ಕೂತ ಬ್ಲೌಸ್ ಕೈ ಎತ್ತಿದಾಗ ಪಟ್ಟಿಯ ಸಮೇತ ಮೇಲೇರಿದರೆ, ಕಂಕುಳಿನ ಅಳತೆಯನ್ನೋ ಅದರ ಆಕಾರವನ್ನೋ ನೋಡಬೇಕು. ಅಂಥ ದೂರು ಬಂದಾಗ ಪಕ್ಕದ ಹೊಲಿಗೆಯನ್ನು ಸುಮ್ಮನೆ ಬಿಡಿಸಬೇಡಿ. ಮೊದಲು ಚೀಟಿಯಲ್ಲಿ ಕಂಕುಳ ಸುತ್ತು ಎಷ್ಟಿದೆ ಎಂದು ತೆಗೆದು ನೋಡಿ.