ಗುಂಗುರು ಕೂದಲಿನ ಫೋಟೊ: ಬಣ್ಣ ಬದಲಾಗಲಿ, ಸುರುಳಿ ಉಳಿಯಲಿ

ಹಾಸನದ ನಮ್ಮ ಸ್ಟುಡಿಯೊಗೆ ಒಬ್ಬ ಹುಡುಗಿ ಅಮ್ಮನ ಜೊತೆ ಬಂದಿದ್ದಳು. ಕೈಯಲ್ಲಿ ನಿಶ್ಚಿತಾರ್ಥದ ಫೋಟೊ. ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ, ಮಂಜು ಕವಿದ ಬೆಳಗ್ಗೆ ತೆಗೆದದ್ದು. ಅವಳದು ಹುಟ್ಟಿನಿಂದ ಬಂದ ಬಿಗಿ ಗುಂಗುರು ಕೂದಲು. ಒಂದೊಂದು ಎಳೆಯೂ ಬಾಲ್‌ಪೆನ್ನಿನೊಳಗಿನ ಸ್ಪ್ರಿಂಗ್ ಥರ ಸುತ್ತಿಕೊಂಡಿತ್ತು. ಕೂದಲಿಗೆ ತಾಮ್ರಗಂದು ಬಣ್ಣ ಕೊಟ್ಟು, ಹಿನ್ನೆಲೆ ಬದಲಿಸಿ ಅಂತ ಬೇರೆ ಕಡೆ ಕೊಟ್ಟಿದ್ದಳಂತೆ. ಅಲ್ಲಿಂದ ಬಂದ ಪ್ರಿಂಟನ್ನು ಟೇಬಲ್ ಮೇಲಿಟ್ಟಳು. ತಲೆಗೆ ಕಂದು ಟೋಪಿ ಹಾಕಿದ ಹಾಗಿತ್ತು.

‘ಅಣ್ಣಾ, ನನ್ನ ಕೂದಲು ಎಲ್ಲಿ ಹೋಯ್ತು?’ ಅಂದಳು.

ಇಂಥ ಪ್ರಿಂಟುಗಳನ್ನು ನಾನು ತುಂಬಾ ನೋಡಿದ್ದೇನೆ. ಮದುವೆ ಆಲ್ಬಂ ಮಾಡುವ ಹುಡುಗರು ನೇರ ಕೂದಲಿಗೆ ಕಲಿತದ್ದನ್ನೇ ಗುಂಗುರು ಕೂದಲಿಗೂ ಹಾಕುತ್ತಾರೆ. ಕೆಲಸ ಕೆಡುವುದು ಅಲ್ಲೇ. ನೇರ ಕೂದಲಿಗೆ ಒಂದು ಅಂಚು ಇರುತ್ತದೆ. ಗುಂಗುರು ಕೂದಲಿಗೆ ಹಾಗೆ ಗೆರೆ ಎಳೆದಂಥ ಅಂಚು ಇಲ್ಲ. ಒಳಗೆ ದಟ್ಟ, ಹೊರಗೆ ಬರಬರುತ್ತಾ ವಿರಳ, ಕೊನೆಗೆ ಬೆರಳಗಲದಷ್ಟು ಬರೀ ನವಿರು. ಆ ನವಿರಿನ ನಡುವೆ ಹಿಂದಿನ ಆಕಾಶ ಇಣುಕುತ್ತದೆ. ಆ ಬೆರಳಗಲವನ್ನು ಕತ್ತರಿಸಿದರೆ ತಲೆ ಚಿಕ್ಕದಾಗುತ್ತದೆ, ಮುಖ ದೊಡ್ಡದಾಗುತ್ತದೆ.

ಇಲ್ಲಿ ಹೇಳುವುದು ಫೋಟೊಶಾಪ್‌ನಲ್ಲಿ ಮಾಡುವ ಕ್ರಮ. ಜಿಂಪ್‌ನಲ್ಲೂ ಹೆಚ್ಚು ಕಡಿಮೆ ಇದೇ ದಾರಿ, ಅದು ಉಚಿತ.

ಮೊದಲು ಮೂಲ ಫೈಲ್ ತರಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಫೋಟೊ ಥರ ಬಂದದ್ದು ಬೇಡ, ಅದರಲ್ಲಿ ನವಿರು ಆಗಲೇ ಕಲಸಿ ಹೋಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೈಲ್ ತೆರೆದ ಮೇಲೆ ಚರ್ಮ ನುಣುಪು ಮಾಡುವ ಪ್ಲಗಿನ್ ಏನಿದ್ದರೂ ಕೂದಲಿನ ಹತ್ತಿರ ತರಬೇಡಿ. ಸಣ್ಣ ಸುರುಳಿ ಅದರ ಕಣ್ಣಿಗೆ ಬರೀ ಗದ್ದಲ, ಒರೆಸಿ ಹಾಕುತ್ತದೆ.

ಮಾಸ್ಕ್: ಒಂದಲ್ಲ, ಎರಡು

ಎಲ್ಲರೂ ಮಾಡುವುದು ಏನು? Select and Mask ತೆರೆದು, ಅಂಚಿನ ಮೇಲೆ ಬ್ರಷ್ ಎಳೆದು, ಬಿಳಿ ಗೆರೆ ಉಳಿಯಿತು ಅಂತ Shift Edge ಅನ್ನು ಮೈನಸ್ 30ಕ್ಕೆ ಇಳಿಸುತ್ತಾರೆ. ಬಿಳಿ ಹೋಗುತ್ತದೆ, ಜೊತೆಗೆ ನವಿರೂ ಹೋಗುತ್ತದೆ. ಆ ಟೋಪಿ ಹುಟ್ಟಿದ್ದು ಹೀಗೇ. ಗುಂಗುರು ಕೂದಲಿಗೆ ನಾನು ಆ ಸ್ಲೈಡರ್ ಮುಟ್ಟುವುದೇ ಇಲ್ಲ, Smooth ಕೂಡ ಸೊನ್ನೆಯಲ್ಲೇ ಇರಬೇಕು.

ನಾನು ಚಾನೆಲ್‌ನಿಂದ ಮಾಸ್ಕ್ ಮಾಡುತ್ತೇನೆ. ಯಾವ ಫೋಟೊ ಆದರೂ ಕೆಂಪು, ಹಸಿರು, ನೀಲಿ ಅಂತ ಮೂರು ಕಪ್ಪು-ಬಿಳುಪು ಚಿತ್ರಗಳು ಸೇರಿ ಆಗಿರುತ್ತದೆ. Channels ಪ್ಯಾನೆಲ್‌ನಲ್ಲಿ ಒಂದೊಂದನ್ನೇ ಕ್ಲಿಕ್ ಮಾಡಿ ನೋಡಿ. ನೀಲಿ ಚಾನೆಲ್‌ನಲ್ಲಿ ಆಕಾಶ ಬೆಳ್ಳಗೆ, ಕೂದಲು ಕಪ್ಪಗೆ ಇರುತ್ತದೆ. ಹೊರಗಿನ ಅಂಚಿಗೆ ಅದೇ ಸರಿ. ಆದರೆ ಹಣೆಯ ಹತ್ತಿರ ನೀಲಿ ಕೈಕೊಡುತ್ತದೆ. ನಮ್ಮ ಮೈಬಣ್ಣ ನೀಲಿಯಲ್ಲಿ ಕಪ್ಪಗೇ ಕಾಣುವುದರಿಂದ ಹಣೆ ಯಾವುದು, ಹಣೆಯಂಚಿನ ಎಳೆಗೂದಲು ಯಾವುದು ಗೊತ್ತಾಗುವುದಿಲ್ಲ. ಕೆಂಪು ಚಾನೆಲ್‌ಗೆ ಹೋಗಿ. ಚರ್ಮ ಅಲ್ಲಿ ಎಲ್ಲಕ್ಕಿಂತ ಬೆಳ್ಳಗಿರುತ್ತದೆ, ಎಳೆಗೂದಲು ಒಂದೊಂದಾಗಿ ಎದ್ದು ಕಾಣುತ್ತದೆ. ಹಾಗಾಗಿ ಆಕಾಶದ ಕಡೆಗೆ ನೀಲಿ, ಹಣೆಯ ಕಡೆಗೆ ಕೆಂಪು.

ಎರಡೂ ಚಾನೆಲ್‌ಗಳ ನಕಲು ಮಾಡಿಕೊಳ್ಳಿ. ಮೂಲವನ್ನು ಮುಟ್ಟಿದರೆ ಫೋಟೊದ ಬಣ್ಣವೇ ಕೆಡುತ್ತದೆ. ಈಗ ನೀಲಿಯ ನಕಲಿನ ಮೇಲೆ Ctrl+L ಒತ್ತಿ, ಕಪ್ಪು ಮತ್ತು ಬಿಳಿ ತ್ರಿಕೋನಗಳನ್ನು ಸ್ವಲ್ಪ ಒಳಗೆ ತನ್ನಿ. ಸ್ವಲ್ಪ ಅಂದರೆ ಸ್ವಲ್ಪವೇ. ಎರಡನ್ನೂ ಹತ್ತಿರ ತಂದುಬಿಟ್ಟರೆ ಬೂದು ಬಣ್ಣ ಮಾಯವಾಗಿ ಬರೀ ಕಪ್ಪು ಮತ್ತು ಬಿಳಿ ಉಳಿಯುತ್ತದೆ. ನವಿರು ಇರುವುದೇ ಆ ಬೂದು ಬಣ್ಣದಲ್ಲಿ. ಒಂದು ಎಳೆ ಪಿಕ್ಸೆಲ್‌ನ ಅರ್ಧ ಜಾಗವನ್ನಷ್ಟೇ ತುಂಬಿದ್ದರೆ ಅಲ್ಲಿ ಮಾಸ್ಕ್ ಅರ್ಧ ಬೂದು ಇರಬೇಕು.

ಉಳಿದದ್ದನ್ನು ಕೈಯಿಂದ ಮಾಡಿ. Burn ಟೂಲ್ ತೆಗೆದುಕೊಂಡು Range ಅನ್ನು Shadows ಮಾಡಿ, Exposure 10 ಇಡಿ. ಅಂಚಿನ ಮೇಲೆ ಮೆಲ್ಲಗೆ ಓಡಿಸಿ. ಆಗಲೇ ಕಪ್ಪಾಗಿರುವ ಎಳೆ ಇನ್ನಷ್ಟು ಕಪ್ಪಾಗುತ್ತದೆ, ನಡುವಿನ ಬಿಳಿ ಕಿಂಡಿಗಳು ಹೆಚ್ಚು ಕಡಿಮೆ ಹಾಗೇ ಉಳಿಯುತ್ತವೆ. ಆಮೇಲೆ Dodge ಟೂಲ್, Range ಅನ್ನು Highlights ಮಾಡಿ ಆಕಾಶದ ಕಡೆ ಓಡಿಸಿ. ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹೋಗುವುದು ಇಲ್ಲೇ. ಆ ಹುಡುಗಿಯ ಫೋಟೊಗೆ ನನಗೆ ನಲವತ್ತು ನಿಮಿಷ ಹಿಡಿಯಿತು. ಕಿವಿಯ ಮೇಲೆ ಒಂದು ಸುರುಳಿ ಪೂರ್ತಿ ಬಳೆಯ ಹಾಗೆ ಸುತ್ತಿ ನಿಂತಿತ್ತು, ನಡುವೆ ಅಕ್ಕಿಕಾಳಿನಷ್ಟು ಆಕಾಶ. ಆ ಕಿಂಡಿ ಮುಚ್ಚಿಹೋಗದೆ ಉಳಿದಾಗ ಕೆಲಸ ಸರಿದಾರಿಯಲ್ಲಿದೆ ಅಂತ ಗೊತ್ತಾಯಿತು.

ಕೆಂಪಿನ ನಕಲಿಗೂ ಹಣೆಯ ಸುತ್ತ ಇಷ್ಟೇ ಮಾಡಿ. ಆಮೇಲೆ Ctrl+I ಒತ್ತಿ ಎರಡನ್ನೂ ತಿರುಗಿಸಿ, ಕೂದಲು ಬಿಳಿಯಾಗುತ್ತದೆ. ಕೆಂಪಿನ ನಕಲಿನಲ್ಲಿ ಮುಖವನ್ನೂ, ಕೂದಲಿನ ಒಳಗೆ ಎರಡು ಬೆರಳಷ್ಟು ಜಾಗವನ್ನೂ ಸೇರಿಸಿ ಲಾಸೊ ಹಾಕಿ Ctrl+C ಮಾಡಿ. ಆಯ್ಕೆ ಬಿಡದೆ ನೀಲಿಯ ನಕಲಿಗೆ ಬಂದು Ctrl+V. ಕೂದಲಿನ ಒಳಗೆ ಎರಡೂ ಬಿಳಿಯೇ ಆದ್ದರಿಂದ ಬೆಸುಗೆ ಕಾಣುವುದಿಲ್ಲ. ಹುಬ್ಬು, ಕಣ್ಣು, ಬಟ್ಟೆಗಳ ಮೇಲೆ ಕಪ್ಪು ಬಳಿದುಬಿಡಿ. ಈ ನೀಲಿಯ ನಕಲೇ ಇನ್ನು ಕೂದಲಿನ ಮಾಸ್ಕ್.

ಒಂದು ಮಿತಿ ಇದೆ. ಸೂರ್ಯ ತಲೆಯ ಹಿಂದೆ ಇದ್ದ ಫೋಟೊದಲ್ಲಿ ನವಿರು ಆಕಾಶಕ್ಕಿಂತ ಬೆಳ್ಳಗೆ ಹೊಳೆಯುತ್ತದೆ. ಚಾನೆಲ್‌ಗೆ ಅದೂ ಆಕಾಶವೇ. ಅಂಥ ಫೋಟೊದ ಹಿನ್ನೆಲೆ ಬದಲಿಸಲು ನಾನು ಒಪ್ಪಿಕೊಳ್ಳುವುದಿಲ್ಲ. ಬಣ್ಣ ಬೇಕಿದ್ದರೆ ಒಳಗಿನ ಕೂದಲಿಗಷ್ಟೇ ಕೊಟ್ಟು, ಆ ಹೊಳಪನ್ನು ಹಾಗೇ ಬಿಡುತ್ತೇನೆ.

ಬಣ್ಣ

ಮಾಸ್ಕ್ ಸರಿ ಬಂದರೆ ಬಣ್ಣ ಕಷ್ಟವಲ್ಲ. Solid Color ಲೇಯರ್‌ಗೆ ಈ ಮಾಸ್ಕ್ ಕೊಟ್ಟು, ಮೋಡ್ ಅನ್ನು Color ಮಾಡುತ್ತಾರೆ. ಆದರೆ ಕಪ್ಪು ಕೂದಲಿನ ಮೇಲೆ ಏನೂ ಕಾಣುವುದಿಲ್ಲ. Color ಮೋಡ್ ಕೆಳಗಿನ ಬೆಳಕನ್ನು ಬದಲಿಸುವುದಿಲ್ಲ, ಕಪ್ಪಿನಲ್ಲಿ ಬಣ್ಣಕ್ಕೆ ಜಾಗವೇ ಇಲ್ಲ. ಆಗ ಮಾಡುವ ತಪ್ಪು ಮೋಡ್ ಅನ್ನು Normal ಮಾಡಿ ಬಳಿಯುವುದು, ಇಲ್ಲವೇ ಇಡೀ ಕೂದಲನ್ನು ಬೆಳ್ಳಗೆ ಮಾಡುವುದು. ಎರಡರಲ್ಲೂ ತುಂಬುತನ ಹೋಗುತ್ತದೆ. ಗುಂಗುರು ಕೂದಲಿನ ತುಂಬುತನ ಕಣ್ಣಿಗೆ ಗೊತ್ತಾಗುವುದೇ ಪ್ರತಿ ಸುರುಳಿಯ ಬೆಳಗಿದ ಮೇಲ್ಭಾಗ ಮತ್ತು ಒಳಗಿನ ಕತ್ತಲಿನಿಂದ. ಕತ್ತಲು ಹೋದರೆ ಕೂದಲು ಚಾಪೆಯಾಗುತ್ತದೆ.

ಆದ್ದರಿಂದ ಬಣ್ಣದ ಲೇಯರ್‌ನ ಕೆಳಗೆ, ಅದೇ ಮಾಸ್ಕ್ ಹಾಕಿ ಒಂದು Curves ಲೇಯರ್ ಇಡಿ. 12ರ ಹತ್ತಿರ ಒಂದು ಬಿಂದು ಕೂರಿಸಿ, 12ರಲ್ಲೇ ಇರಲಿ. ಅದು ಒಳಗತ್ತಲನ್ನು ಹಿಡಿದಿಡುವ ಗೂಟ. 40ರಲ್ಲಿ ಇನ್ನೊಂದು ಬಿಂದು ಇಟ್ಟು 62ಕ್ಕೆ ಎತ್ತಿ. 160ರಲ್ಲಿ ಮತ್ತೊಂದು ಇಟ್ಟು 165ಕ್ಕೆ ನಿಲ್ಲಿಸಿ. ಸುರುಳಿಯ ಮೇಲ್ಭಾಗ ಮಾತ್ರ ತಿಳಿಯಾಗುತ್ತದೆ. ಈಗ ಬಣ್ಣ ಹಿಡಿಯುತ್ತದೆ. ಬಣ್ಣದ ಲೇಯರ್‌ನ Opacity ಅನ್ನು 50ರ ಆಸುಪಾಸು ಇಡಿ. ಈ ಅಂಕಿಗಳು ಆ ಫೋಟೊಗೆ ಹೊಂದಿದವು, ನಿಮ್ಮದಕ್ಕೆ ಆಚೀಚೆ ಆಗಬಹುದು. ಗೂಟ ಮಾತ್ರ ಬಿಡಬೇಡಿ.

ಹೊಳಪಿನ ಚುಕ್ಕೆಗಳಿಗೆ ಬಣ್ಣ ಬೀಳಬಾರದು. ಕೂದಲಿನ ಮೇಲ್ಮೈಯಿಂದ ನೇರವಾಗಿ ಚಿಮ್ಮುವ ಹೊಳಪು ಬೆಳಕಿನ ಬಣ್ಣದ್ದು, ಕೂದಲಿನದ್ದಲ್ಲ. ಬಣ್ಣದ ಲೇಯರ್‌ನ ಹೆಸರಿನ ಪಕ್ಕದ ಖಾಲಿ ಜಾಗದಲ್ಲಿ ಡಬಲ್ ಕ್ಲಿಕ್ ಮಾಡಿ Blend If ತೆರೆಯಿರಿ. Underlying Layer ಸಾಲಿನ ಬಿಳಿ ತ್ರಿಕೋನವನ್ನು Alt ಹಿಡಿದು ಎಳೆದರೆ ಎರಡಾಗಿ ಸೀಳುತ್ತದೆ. ಎಡದ ಅರ್ಧವನ್ನು 150ಕ್ಕೆ, ಬಲದ್ದನ್ನು 220ಕ್ಕೆ ತನ್ನಿ. ಜಿಂಪ್ 2.10ರಲ್ಲಿ ಈ ಸೌಲಭ್ಯ ಇಲ್ಲ, ಅಲ್ಲಿ ಲೇಯರ್ ಮಾಸ್ಕ್ ಮೇಲೆ ಕೈಯಿಂದಲೇ ಅಳಿಸಬೇಕು.

ಬಣ್ಣ ಕೊಟ್ಟಾದ ಮೇಲೆ ಎಲ್ಲದರ ಮೇಲೆ ಒಂದು Black & White ಲೇಯರ್ ಹಾಕಿ, Curves ಲೇಯರನ್ನು ಆಫ್ ಮತ್ತು ಆನ್ ಮಾಡಿ ನೋಡಿ. ಸುರುಳಿಗಳು ಎರಡರಲ್ಲೂ ಬಿಡಿ ಬಿಡಿಯಾಗಿ ಕಂಡರೆ ಸರಿ. ಆನ್ ಮಾಡಿದಾಗ ಕೂದಲು ಒಂದೇ ಹಾಳೆಯ ಥರ ಕಂಡರೆ 40ರ ಬಿಂದುವನ್ನು ಇಳಿಸಿ.

ತಗ್ಗು ತುಂಬುವುದು, ಹಿನ್ನೆಲೆ ಹಾಕುವುದು

ಕಾರಿನ ಸೀಟಿಗೆ ಒರಗಿ ಬಂದಿದ್ದರಿಂದ ಅವಳ ಕೂದಲು ಬಲಗಡೆ ಒತ್ತಿಕೊಂಡಿತ್ತು. ‘ಆ ಕಡೆಗೂ ಇದರ ಹಾಗೇ ಕೂರಿಸಿಬಿಡಪ್ಪ’ ಅಂದರು ಅಮ್ಮ. ಎರಡೂ ಕಡೆ ಒಂದೇ ಥರ ಬೇಡ, ತಗ್ಗು ತುಂಬಿದರೆ ಸಾಕು ಅಂದಳು ಮಗಳು. ನನಗೂ ಮಗಳ ಮಾತೇ ಸರಿ ಅನ್ನಿಸಿತು. Liquify ಬಳಸಿ ಉಬ್ಬಿಸಬೇಡಿ. ಉಬ್ಬಿಸಿದ ಕಡೆ ಸುರುಳಿ ದಪ್ಪವಾಗುತ್ತದೆ, ನೋಡಿದವರಿಗೆ ಏನೋ ಸರಿ ಇಲ್ಲ ಅನ್ನಿಸುತ್ತದೆ. ಎಡಗಡೆಯಿಂದ ಒಂದು ತುಂಡು ನಕಲು ಮಾಡಿ, ತಿರುಗಿಸಿ ಕೂರಿಸಿ, ಮೃದು ಬ್ರಷ್‌ನಿಂದ ಮಾಸ್ಕ್ ಹಾಕಿ. ಎಷ್ಟು ಬೇಕಾದರೂ ತಿರುಗಿಸಿ, ಆದರೆ ಹಿಗ್ಗಿಸಬೇಡಿ. ಮಂಜಿನ ಬೆಳಕು ಎಲ್ಲ ಕಡೆಯಿಂದ ಬರುವುದರಿಂದ ಎಡದ ತುಂಡು ಬಲಕ್ಕೂ ಹೊಂದಿತು. ಬಿಸಿಲಿನ ಫೋಟೊದಲ್ಲಿ ಹೀಗೆ ಮಾಡಿದರೆ ನೆರಳು ಉಲ್ಟಾ ಬೀಳುತ್ತದೆ. ಕೂದಲು ಬರೆಯುವ ಬ್ರಷ್ ಪ್ಯಾಕ್‌ಗಳಿಗೆ ದುಡ್ಡು ಹಾಕಬೇಡಿ. ಒಂದೇ ಸುರುಳಿಯನ್ನು ಹತ್ತು ಸಲ ಒತ್ತುತ್ತವೆ ಅಷ್ಟೆ.

ಹಿನ್ನೆಲೆ ಬದಲಿಸಲು ಕೂದಲಿನ ಮಾಸ್ಕ್‌ನ ಇನ್ನೊಂದು ನಕಲು ಮಾಡಿ, ಅದರಲ್ಲಿ ಮುಖ, ಬಟ್ಟೆಗಳಿಗೂ ಬಿಳಿ ಬಳಿದು ಕತ್ತರಿಸಿ. ಹೊಸ ಹಿನ್ನೆಲೆ ತಿಳಿಬಣ್ಣದ್ದೇ ಇರಲಿ. ಹಳೆಯದು ಬಿಳಿ, ಹೊಸದೂ ತಿಳಿ ಆದರೆ ಅಂಚಿನಲ್ಲಿ ಉಳಿದ ಬಿಳಿ ಕಾಣುವುದಿಲ್ಲ. ಕಡುಗೆಂಪೇ ಬೇಕು ಅಂದರೆ, ಕತ್ತರಿಸಿದ ಲೇಯರ್‌ಗೆ ಕ್ಲಿಪ್ ಮಾಡಿದ ಹೊಸ ಲೇಯರ್ ಹಾಕಿ. ಮೋಡ್ Multiply ಇರಲಿ. ಪಕ್ಕದ ಕೂದಲಿನ ಬಣ್ಣ ತೆಗೆದುಕೊಂಡು, ಮೃದು ಬ್ರಷ್, Flow 10ರಲ್ಲಿ ಬಿಳಿ ನವಿರಿನ ಮೇಲೆ ಮಾತ್ರ ಸವರಿ. ನವಿರು ಕಪ್ಪಾಗುತ್ತದೆ, ಉದ್ದ ಕಡಿಮೆಯಾಗುವುದಿಲ್ಲ.

ಕೊನೆಯ ಮುದ್ರಣಕ್ಕೆ ಕಳಿಸುವ ಮುಂಚೆ 4×6 ಅಳತೆಯ ಒಂದು ಪ್ರಿಂಟ್ ತೆಗೆಸಿ, ಕಿಟಕಿ ಬೆಳಕಿನಲ್ಲಿ ನೋಡಿ. ಪರದೆಯಲ್ಲಿ ಕಾಣುವ ಕತ್ತಲಿನ ವಿವರ ಕಾಗದದಲ್ಲಿ ಮುಚ್ಚಿಹೋಗಬಹುದು. ಆ ಹುಡುಗಿಯ ಮೊದಲ ಪ್ರಿಂಟಿನಲ್ಲಿ ಎಡಗಿವಿಯ ಹಿಂದಿನ ಕೂದಲು ಇಂಕು ಚೆಲ್ಲಿದ ಹಾಗೆ ಒಂದೇ ಕಪ್ಪಾಗಿ ಬಂತು. 12ರ ಬಿಂದುವನ್ನು 17ಕ್ಕೆ ಎತ್ತಿ ಇನ್ನೊಂದು ಪ್ರಿಂಟ್ ತೆಗೆಸಿದೆ. ಅವಳು ಅದನ್ನು ಕಿಟಕಿಗೆ ಹಿಡಿದು, ಕಿವಿಯ ಮೇಲಿನ ಆ ಬಳೆಯಂಥ ಸುರುಳಿಯನ್ನು ಬೆರಳಿಟ್ಟು ಅಮ್ಮನಿಗೆ ತೋರಿಸಿದಳು.