ತೋಳು ಟೊಮೆಟೊ ಹತ್ತಿರ ಹೋಗಿ ನಿಂತುಬಿಡ್ತಿದೆಯಾ?

ಕೋಲಾರದ ಗೆಳೆಯರೇ, ಟೆಲಿಆಪರೇಷನ್‌ನಲ್ಲಿ, ಅಂದರೆ ನಾವೇ ದೂರದಿಂದ ನಡೆಸಿ ತೋರಿಸಿ, ಕಲಿಸಿದ ರೋಬೋಟ್ ತೋಳು ಟೊಮೆಟೊ ಹತ್ತಿರ ಹೋಗಿ ಸುಮ್ಮನೆ ನಿಂತರೆ, ಮಾಡೆಲ್ ಬದಲಿಸುವ ಮೊದಲು ಡೇಟಾ ನೋಡಿ. ಹಿಡಿಯುವ ಮುಂಚೆ ಎಲ್ಲಿ ಹಿಡಿಯೋದು ಅಂತ ನಾವೇ ಕೈ ತಡೆದಿರುತ್ತೇವೆ. ಸೆಕೆಂಡಿಗೆ 30 ಫ್ರೇಮ್ ಅಂದರೆ, 2 ಸೆಕೆಂಡ್ ನಿಂತರೂ 60 ಫ್ರೇಮ್ ‘ಅಲ್ಲಾಡಬೇಡ’ ಅನ್ನೋ ಪಾಠ. ಒಂದೇ ಫ್ರೇಮ್ ನೋಡಿ ನಿರ್ಧರಿಸುವ ಪಾಲಿಸಿಗೆ, ಅಂದರೆ ತೋಳನ್ನು ನಡೆಸುವ ಮಾಡೆಲ್‌ಗೆ, ಯಾವಾಗ ಮುಂದೆ ಹೋಗಬೇಕು ಅಂತ ತಿಳಿಯಲ್ಲ.

ಕೀಲುಗಳ ಕೋನದ ಗ್ರಾಫ್ ಹಾಕಿ, ಗೆರೆ ಚಪ್ಪಟೆಯಾದ ಭಾಗ ಕತ್ತರಿಸಿ. ಗ್ರಿಪ್ಪರ್ ಗೆರೆಯನ್ನೂ ಜೊತೆಗೇ ನೋಡಬೇಕು: ಹಣ್ಣು ಹಿಡಿಯುವಾಗ ಕೀಲುಗಳು ನಿಂತಿರುತ್ತವೆ, ಗ್ರಿಪ್ಪರ್ ಮಾತ್ರ ಮುಚ್ಚುತ್ತಿರುತ್ತದೆ. ಅದನ್ನೂ ಕತ್ತರಿಸಿದರೆ ತೋಳು ಬರಿಗೈಲಿ ಕ್ರೇಟ್ ಕಡೆ ಹೊರಟುಬಿಡುತ್ತೆ. ಹಣ್ಣು ಜಾರಿ, ಮತ್ತೆ ಹಿಡಿದ ಡೆಮೊಗಳನ್ನು ಎಸೀಬೇಡಿ. ತಪ್ಪಿದಾಗ ಸರಿಮಾಡಿಕೊಳ್ಳೋದನ್ನ ತೋಳು ಅದರಿಂದಲೇ ಕಲಿಯೋದು.